ಶುಕ್ರವಾರದ ರೊಕ್ಕ ಗುರುವಾರ ಬಂತು

ಅಂಗಡಿಯಲ್ಲಿ ಕಾರ್ಡ್ ಕೊಟ್ಟು ಪಿನ್ ಒತ್ತಿದರೆ ನಾಲ್ಕೈದು ಸೆಕೆಂಡಿನಲ್ಲಿ ನಮ್ಮ ಮೊಬೈಲಿಗೆ ಹಣ ಕಡಿತವಾದ ಮೆಸೇಜ್ ಬರುತ್ತದೆ. ನಾವು ಸಾಮಾನು ಎತ್ತಿಕೊಂಡು ಹೊರಡುತ್ತೇವೆ. ನಮ್ಮ ಪಾಲಿಗೆ ವ್ಯವಹಾರ ಅಲ್ಲಿಗೆ ಮುಗಿಯಿತು. ಅಂಗಡಿಯವರ ಪಾಲಿಗೆ ಅದು ಆಗಷ್ಟೇ ಶುರುವಾಗಿರುತ್ತದೆ. ನಮ್ಮ ಖಾತೆಯಿಂದ ಹೋದ ಹಣ ಅವರ ಖಾತೆಗೆ ಆ ಹೊತ್ತಿಗೆ ಬಂದಿರುವುದಿಲ್ಲ. ಬರುವುದು ಮರುದಿನ ಅಂತ ಬ್ಯಾಂಕು ಹೇಳಿರುತ್ತದೆ. ಆ ಮರುದಿನ ಯಾವುದು, ಅದನ್ನು ಎಲ್ಲಿಂದ ಎಣಿಸಬೇಕು, ತಪ್ಪಿದರೆ ಯಾರನ್ನು ಕೇಳಬೇಕು ಅನ್ನುವುದು ಮಾತ್ರ ಹೆಚ್ಚಿನ ಅಂಗಡಿಯವರಿಗೆ ಗೊತ್ತಿಲ್ಲ. ಹೇಳಿದವರೂ ಇಲ್ಲ.

ನಮಗೂ ಇದು ಗೊತ್ತಾಗಿದ್ದು ಕಲಘಟಗಿ ತಾಲ್ಲೂಕಿನ ದುಮ್ಮವಾಡದ ಒಂದು ಹಾರ್ಡ್‌ವೇರ್ ಅಂಗಡಿಯಿಂದ. ಹುಬ್ಬಳ್ಳಿಗೆ ಕುಡಿಯುವ ನೀರು ಕೊಟ್ಟ ನೀರಸಾಗರ ಇರುವುದು ಇದೇ ಊರಿನ ಹತ್ತಿರ. ಅಂಗಡಿ ನಮ್ಮ ಬಳಗದ ಗೆಳೆಯನೊಬ್ಬನ ಕಾಕಾರದು. ಪೈಪು, ವೈರು, ಮೋಟರು, ತಗಡು, ಬಣ್ಣ ಎಲ್ಲ ಮಾರುತ್ತಾರೆ. ಚಿಲ್ಲರೆ ವ್ಯಾಪಾರ ಪೂರ್ತಿ ಯುಪಿಐ ಮೇಲೆ ನಡೆಯುತ್ತದೆ. ಮೋಟರಿನಂಥ ದೊಡ್ಡ ಸಾಮಾನು ಒಯ್ಯುವವರು, ಅದರಲ್ಲೂ ಊರಿನಿಂದ ಹುಬ್ಬಳ್ಳಿ-ಧಾರವಾಡಕ್ಕೆ ನೌಕರಿಗೆ ಹೋಗುವವರು, ಕಾರ್ಡ್ ತೆಗೆಯುತ್ತಾರೆ. ಅದಕ್ಕೆಂದೇ ಕಾಕಾ ಒಂದು ಮಷೀನು ಇಟ್ಟುಕೊಂಡಿದ್ದಾರೆ. ತಮ್ಮ ಹೆಸರು ಬೇಡ ಅಂದಿದ್ದಾರೆ, ಬ್ಯಾಂಕಿನ ಹೆಸರನ್ನು ನಾವೇ ಬಿಟ್ಟಿದ್ದೇವೆ.

ಆಗಿದ್ದು ಇಷ್ಟು. 2025ರ ಅಕ್ಟೋಬರ್ 10, ಶುಕ್ರವಾರ. ದೀಪಾವಳಿಗೆ ಹತ್ತು ದಿನ. ಅವತ್ತು ಮಷೀನಿನಲ್ಲಿ ಮೂರು ಕಾರ್ಡ್ ವ್ಯವಹಾರ ಆದವು. ವೀಸಾ ಡೆಬಿಟ್ ಕಾರ್ಡಿನಲ್ಲಿ 18,500 ರೂಪಾಯಿಯ ಮೋಟರು, ರುಪೇ ಡೆಬಿಟ್ ಕಾರ್ಡಿನಲ್ಲಿ 9,800 ರೂಪಾಯಿಯ ಪೈಪು, ಕ್ರೆಡಿಟ್ ಕಾರ್ಡಿನಲ್ಲಿ 6,400 ರೂಪಾಯಿಯ ಬಣ್ಣ. ಒಟ್ಟು 34,700. ಈ ಹಣ ಖಾತೆಗೆ ಬಿದ್ದದ್ದು ಅಕ್ಟೋಬರ್ 16ರ ಗುರುವಾರ. ನಡುವೆ ಕಾಕಾ ಬ್ಯಾಂಕಿನ ಶಾಖೆಗೆ ಎರಡು ಸಲ ಹೋಗಿಬಂದರು, ಟೋಲ್‌ಫ್ರೀ ನಂಬರಿಗೆ ಮೂರು ಸಲ ಫೋನ್ ಮಾಡಿದರು. ಅವರು ಹೇಳಿದ್ದು ಪ್ರತಿ ಸಲವೂ ಒಂದೇ: "ಶುಕ್ರವಾರದ ರೊಕ್ಕ ಇನ್ನಾ ಬಂದಿಲ್ರೀ." ಬಂದ ಉತ್ತರವೂ ಒಂದೇ: "T+1 ಇರ್ತದ್ರಿ, ನಡುವ ರಜಾ ಬಂದಾವಲ್ಲ, ಬರ್ತದ ಬಿಡ್ರಿ."

ಈ ಎರಡು ಮಾತುಗಳೂ ಎಲ್ಲಿಗೂ ಮುಟ್ಟದ ಮಾತುಗಳು ಅಂತ ನಮ್ಮ ಅಭಿಪ್ರಾಯ. "ರೊಕ್ಕ ಬಂದಿಲ್ಲ" ಅನ್ನುವ ದೂರಿಗೆ ರೊಕ್ಕ ಬಂದ ಕೂಡಲೇ ಜೀವ ಹೋಗುತ್ತದೆ. ಗುರುವಾರ ಹಣ ಬಿತ್ತು, ಬ್ಯಾಂಕಿನ ಕಂಪ್ಯೂಟರಿನಲ್ಲಿ ದೂರು "ಪರಿಹಾರವಾಗಿದೆ" ಅಂತ ಮುಚ್ಚಿಹೋಯಿತು. ತಡವಾದದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಅಂಗಡಿಯವರು ದೂರಬೇಕಾದ್ದು ಹಣದ ಬಗ್ಗೆ ಅಲ್ಲ, ತಾರೀಖಿನ ಬಗ್ಗೆ. ಯಾವ ತಾರೀಖಿಗೆ ಬರಬೇಕಿತ್ತು, ಯಾವ ತಾರೀಖಿಗೆ ಬಂತು, ನಡುವಿನ ದಿನ ಯಾರ ಲೆಕ್ಕಕ್ಕೆ ಸೇರಬೇಕು. ಅದನ್ನು ಹೇಳಬೇಕಾದರೆ ಈ T ಅನ್ನುವ ಅಕ್ಷರದ ಹೊಟ್ಟೆಯೊಳಗೆ ಏನಿದೆ ಅಂತ ನೋಡಬೇಕು.

ಕಾರ್ಡ್ ಮಷೀನಿನಲ್ಲಿ ನಡೆಯುವುದು ಒಂದು ಕೆಲಸ ಅಲ್ಲ, ಎರಡು. ಮೊದಲನೆಯದು ಅನುಮತಿ. ಪಿನ್ ಒತ್ತಿದ ಕೂಡಲೇ ಮಷೀನಿನಿಂದ ಒಂದು ಸಂದೇಶ ಅಂಗಡಿಯವರ ಬ್ಯಾಂಕಿಗೆ, ಅಲ್ಲಿಂದ ವೀಸಾ ಅಥವಾ ರುಪೇ ಜಾಲಕ್ಕೆ, ಅಲ್ಲಿಂದ ಗಿರಾಕಿಯ ಬ್ಯಾಂಕಿಗೆ ಹೋಗುತ್ತದೆ. ಗಿರಾಕಿಯ ಬ್ಯಾಂಕು ಖಾತೆ ನೋಡಿ, ಹಣ ಕಡಿದಿಟ್ಟು, "ಆಗಬಹುದು" ಅನ್ನುತ್ತದೆ. ಸ್ಲಿಪ್ಪು ಹೊರಗೆ ಬರುತ್ತದೆ. ಇಷ್ಟು ಹೊತ್ತಿಗೆ ಅಂಗಡಿಯವರ ಕೈಗೆ ಸಿಕ್ಕಿರುವುದು ಒಂದು ಒಪ್ಪಿಗೆ ಮಾತ್ರ, ಹಣವಲ್ಲ.

ಎರಡನೆಯದು ಸೆಟ್ಲ್‌ಮೆಂಟ್. ದಿನವಿಡೀ ಆದ ಒಪ್ಪಿಗೆಗಳೆಲ್ಲ ಒಂದು ಕಂತೆಯಲ್ಲಿ ಕೂಡುತ್ತವೆ. ಅದಕ್ಕೆ ಬ್ಯಾಚ್ ಅನ್ನುತ್ತಾರೆ. ರಾತ್ರಿ ಆ ಬ್ಯಾಚ್ ಮುಚ್ಚಿ ಬ್ಯಾಂಕಿಗೆ ಕಳಿಸಿದರೆ ಬ್ಯಾಂಕು ಅದನ್ನು ಜಾಲಕ್ಕೆ ಸಲ್ಲಿಸುತ್ತದೆ. ಬ್ಯಾಂಕು-ಬ್ಯಾಂಕುಗಳ ನಡುವೆ ಲೆಕ್ಕ ಚುಕ್ತಾ ಆಗುತ್ತದೆ, ಮರು ಕೆಲಸದ ದಿನ ಅಂಗಡಿಯವರ ಖಾತೆಗೆ ಒಂದೇ ಮೊತ್ತವಾಗಿ ಜಮಾ ಆಗುತ್ತದೆ. ಬ್ಯಾಚ್ ಮುಚ್ಚದಿದ್ದರೆ ಬ್ಯಾಂಕಿನ ಮುಂದೆ ಕ್ಲೇಮೇ ಇಲ್ಲ. ಅಸೈನ್‌ಮೆಂಟ್ ಪೂರ್ತಿ ಬರೆದಿಟ್ಟು ಸಬ್‌ಮಿಟ್ ಬಟನ್ ಒತ್ತದೇ ಮಲಗಿದ ಹಾಗೆ. ನಮ್ಮಲ್ಲಿ ಯಾರಿಗೂ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಕಾಕಾರ ಜೊತೆ ಬ್ಯಾಂಕು ಮಾಡಿಕೊಂಡ ಕರಾರಿನ ಎಂಟನೇ ಪುಟದಲ್ಲಿ T ಅಂದರೆ ಏನು ಅಂತ ಬರೆದಿದೆ. ಕಾರ್ಡ್ ಉಜ್ಜಿದ ದಿನ ಅಂತ ಅಲ್ಲ. ಕೆಲಸದ ದಿನ ರಾತ್ರಿ 11ರ ಒಳಗೆ ಬ್ಯಾಚ್ ಮುಚ್ಚಿದರೆ ಆ ದಿನವೇ T. ಅದು ದಾಟಿದರೆ ಮುಂದಿನ ಕೆಲಸದ ದಿನ T. ಜಮಾ ಆಗುವುದು T ಆದ ಮೇಲಿನ ಮೊದಲ ಕೆಲಸದ ದಿನ. ಬ್ಯಾಂಕುಗಳಿಗೆ 2015ರ ಸೆಪ್ಟೆಂಬರಿನಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಅಕ್ಟೋಬರ್ 11 ಎರಡನೇ ಶನಿವಾರ. ಮರುದಿನ ಭಾನುವಾರ. ಹಾಗಾಗಿ ಶುಕ್ರವಾರ ರಾತ್ರಿ ಬ್ಯಾಚ್ ಮುಚ್ಚಿದ್ದರೂ ಹಣ ಬರುವುದು ಸೋಮವಾರ, 13ಕ್ಕೆ. ಶುಕ್ರವಾರ ಉಜ್ಜಿದ್ದು ಶನಿವಾರ ಬರಲಿಲ್ಲ ಅನ್ನುವ ಸಿಟ್ಟಿಗೆ ಇಲ್ಲಿ ಆಧಾರವಿಲ್ಲ.

ಈಗ ಮಷೀನಿನ ಕಥೆ. ಈಗಿನ ಹಲವು ಮಷೀನುಗಳಲ್ಲಿ ಬ್ಯಾಂಕಿನ ಸರ್ವರೇ ರಾತ್ರಿ ಬ್ಯಾಚ್ ಮುಚ್ಚಿಬಿಡುತ್ತದೆ, ಅಂಗಡಿಯವರು ಏನೂ ಮಾಡಬೇಕಿಲ್ಲ. ಕಾಕಾರ ಹತ್ತಿರ ಇರುವುದು ಹಳೇ ಮಾದರಿ. ರಾತ್ರಿ ಗೊತ್ತುಮಾಡಿದ ಹೊತ್ತಿಗೆ ಮಷೀನೇ ತನ್ನೊಳಗಿನ ಸಿಮ್ ಮೂಲಕ ಬ್ಯಾಂಕನ್ನು ಸಂಪರ್ಕಿಸಿ ಬ್ಯಾಚ್ ಕಳಿಸಬೇಕು. ಕಾಕಾ ಎಂಟೂವರೆಗೆ ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ ಆಫ್ ಮಾಡುತ್ತಾರೆ. ಮಷೀನಿನ ಬ್ಯಾಟರಿ ಹಳತಾಗಿದೆ, ಒಂದು ತಾಸೂ ನಿಲ್ಲುವುದಿಲ್ಲ. ಶುಕ್ರವಾರ ರಾತ್ರಿ ಅದು ಸತ್ತು ಬಿದ್ದಿತ್ತು. ಶನಿವಾರ ಕಾರ್ಡ್ ಗಿರಾಕಿ ಯಾರೂ ಬರಲಿಲ್ಲ, ಮಷೀನು ಹಚ್ಚಲೇ ಇಲ್ಲ. ಭಾನುವಾರ ಅಂಗಡಿಗೆ ಬಾಗಿಲು. ಸೋಮವಾರ ಬೆಳಿಗ್ಗೆ ಟೋಲ್‌ಫ್ರೀ ನಂಬರಿಗೆ ಫೋನ್ ಮಾಡಿದಾಗ ಅಲ್ಲಿನ ಹುಡುಗಿ ಮೆನುವಿನಲ್ಲಿ `SETTLEMENT` ಒತ್ತಲು ಹೇಳಿದಳು. ಒತ್ತಿದ ಮೇಲೆ 9.40ಕ್ಕೆ ಸ್ಲಿಪ್ಪು ಬಂತು.

```
SETTLEMENT SUCCESSFUL
13/10/25  09:40
BATCH: 000212
SALE: 3   34,700.00
```

ಈ ಸ್ಲಿಪ್ಪನ್ನು ಕಾಕಾ ಕಸಕ್ಕೆ ಹಾಕಿರಲಿಲ್ಲ, ಅದೊಂದು ಪುಣ್ಯ. ಮಷೀನಿನಿಂದ ಬರುವುದು ಬಿಸಿಗೆ ಕಪ್ಪಾಗುವ ಕಾಗದ. ಬಿಸಿಲಿಗೆ, ಎಣ್ಣೆ ಕೈಗೆ, ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟರೂ ಕೆಲವು ತಿಂಗಳಲ್ಲಿ ಅಕ್ಷರ ಮಾಯವಾಗುತ್ತವೆ. ಅವತ್ತಿನ ಸ್ಲಿಪ್ಪಿನ ಫೋಟೋವನ್ನು ಅವತ್ತೇ ತೆಗೆದಿಡಬೇಕು. ದೂರಿನ ಇಡೀ ತೂಕ ಈ ಒಂದು ಚೀಟಿಯ ಮೇಲೆ ನಿಂತಿದೆ. ಗಿರಾಕಿಯ ಸ್ಲಿಪ್ಪು ಸಾಮಾನು ಯಾವತ್ತು ಮಾರಿದಿರಿ ಅಂತ ಹೇಳುತ್ತದೆ. ಸೆಟ್ಲ್‌ಮೆಂಟ್ ಸ್ಲಿಪ್ಪು T ಯಾವತ್ತು ಅಂತ ಹೇಳುತ್ತದೆ.

ಹಾಗಾದರೆ ಲೆಕ್ಕ ಹೀಗೆ. ಬ್ಯಾಚ್ ಮುಚ್ಚಿದ್ದು 13ರ ಸೋಮವಾರ, T ಆವತ್ತೇ. ಹಣ ಬರಬೇಕಾದ್ದು 14ರ ಮಂಗಳವಾರ. ಬಂದದ್ದು 16ರ ಗುರುವಾರ. ಶುಕ್ರವಾರದಿಂದ ಗುರುವಾರದವರೆಗೆ ಆರು ದಿನ ಕಾದರೂ ಬ್ಯಾಂಕಿನ ತಲೆಗೆ ಬರುವುದು ಎರಡೇ ದಿನ. ಸೋಮವಾರದ ಬದಲು ಮಂಗಳವಾರ ಆದದ್ದು ಬ್ಯಾಟರಿಯಿಂದ. ಆ ಬ್ಯಾಟರಿ ಬ್ಯಾಂಕಿನದೇ, ತಿಂಗಳಾ ಬಾಡಿಗೆ ಮುರಿದುಕೊಳ್ಳುತ್ತಾರೆ, ರಾತ್ರಿ ಚಾರ್ಜಿಗೆ ಇಡಿ ಅಂತ ಯಾರೂ ಹೇಳಿರಲಿಲ್ಲ ಅನ್ನುವುದು ಬೇರೆ ಜಗಳ. ಅದನ್ನು ಈ ದೂರಿನಲ್ಲಿ ಸೇರಿಸುವುದು ಬೇಡ ಅಂತ ನಾವು ಕಾಕಾರಿಗೆ ಹೇಳಿದೆವು. ಆರು ದಿನ ತಡ ಅಂತ ಬರೆದರೆ ಬ್ಯಾಂಕು ಒಂದೇ ಏಟಿಗೆ ನಾಲ್ಕು ದಿನ ಕಳೆದು ಇಡೀ ದೂರನ್ನು ತಳ್ಳಿಹಾಕುತ್ತದೆ. ಎರಡು ದಿನ ಅಂತ ಬರೆದರೆ ಅದನ್ನು ಅಲ್ಲಗಳೆಯಲು ಅವರಿಗೆ ದಾರಿ ಇಲ್ಲ.

ಜಮಾ ಆದ ಮೊತ್ತವೂ 34,700 ಆಗಿರಲಿಲ್ಲ. 34,367 ರೂಪಾಯಿ 59 ಪೈಸೆ. ಪಾಸ್‌ಬುಕ್ಕಿನಲ್ಲಿ ಹುಡುಕುವಾಗ ಬಹಳ ಜನ ಎಡವುವುದು ಇಲ್ಲೇ, ಮಾರಿದ ಮೊತ್ತವನ್ನೇ ಹುಡುಕುತ್ತಾರೆ, ಸಿಗುವುದಿಲ್ಲ, ಹಣ ಬಂದೇ ಇಲ್ಲ ಅಂದುಕೊಳ್ಳುತ್ತಾರೆ. ಬ್ಯಾಂಕು ತನ್ನ ಶುಲ್ಕ ಮುರಿದುಕೊಂಡೇ ಹಾಕುತ್ತದೆ. ರುಪೇ ಡೆಬಿಟ್ ಕಾರ್ಡಿಗೆ 2020ರ ಜನವರಿಯಿಂದ ಶುಲ್ಕ ಸೊನ್ನೆ, ಹಾಗಾಗಿ ಪೈಪಿನ 9,800 ಪೂರ್ತಿ ಬಂದಿದೆ. ವೀಸಾ ಡೆಬಿಟ್ ಕಾರ್ಡಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದ ಅಂಗಡಿಯಿಂದ ಹೆಚ್ಚೆಂದರೆ ಶೇಕಡಾ 0.90 ತೆಗೆದುಕೊಳ್ಳಬಹುದು ಅಂತ ರಿಸರ್ವ್ ಬ್ಯಾಂಕಿನ ಮಿತಿ ಇದೆ. ಮೋಟರಿನ ಮೇಲೆ ಅದು 166.50, ಅದರ ಮೇಲೆ ಜಿಎಸ್‌ಟಿ 29.97. ಕ್ರೆಡಿಟ್ ಕಾರ್ಡಿಗೆ ಅಂಥ ಮಿತಿ ಇಲ್ಲ, ಕರಾರಿನ ಪ್ರಕಾರ ಶೇಕಡಾ 1.8, ಜಿಎಸ್‌ಟಿ ಸೇರಿ 135.94. ಎಲ್ಲ ಕೂಡಿಸಿದರೆ 332.41. ಪೈಸೆ ಸಮೇತ ತಾಳೆಯಾಯಿತು. ಹಾಗಾಗಿ ಗುರುವಾರ ಬಿದ್ದ ಹಣ ಇದೇ ಬ್ಯಾಚಿನದು ಅನ್ನುವುದಕ್ಕೆ ಅನುಮಾನ ಉಳಿಯಲಿಲ್ಲ. ಶಾಖೆಯಲ್ಲಿ ಮೊದಲ ಸಲ "ಅದು ಬ್ಯಾರೆ ದಿನದ್ದು ಇರಬೇಕ್ರೀ" ಅಂದಿದ್ದರು.

ಇದೇ ಕೆಲಸಕ್ಕೆ ಸಹಾಯಕ್ಕೆ ಬರುವ ಇನ್ನೊಂದು ಗುರುತು ಗಿರಾಕಿಯ ಸ್ಲಿಪ್ಪಿನಲ್ಲಿರುವ `RRN`, ಹನ್ನೆರಡು ಅಂಕಿಯದು. ಅನೇಕ ಬ್ಯಾಂಕುಗಳ ವ್ಯವಸ್ಥೆಯಲ್ಲಿ ಅದರ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಮುಂದಿನ ಮೂರು ಅಂಕಿ ವರ್ಷದ ಎಷ್ಟನೇ ದಿನ ಅನ್ನುವುದು. ಕಾಕಾರ ಮೂರೂ ಸ್ಲಿಪ್ಪುಗಳಲ್ಲಿ ಅದು 5283 ಅಂತ ಶುರುವಾಗುತ್ತಿತ್ತು. 2025ರ 283ನೇ ದಿನ ಅಂದರೆ ಅಕ್ಟೋಬರ್ 10. ನಮ್ಮಲ್ಲೊಬ್ಬ ಇದನ್ನು ಬಾಯಿಲೆಕ್ಕದಲ್ಲಿ ಹೇಳಿದಾಗ ಕಾಕಾ "ಇಷ್ಟ್ ಶಾಣ್ಯಾ ಇದ್ದಾವ ಬ್ಯಾಕ್‌ಲಾಗ್ ಯಾಕ್ ಇಟ್ಕೊಂಡೀಯೋ ತಮ್ಮಾ" ಅಂದರು. ಇರಲಿ.

ಉಳಿದದ್ದು ಆ ಎರಡು ದಿನ. ಅವು ಎಲ್ಲಿ ಹೋದವು? ನಾಲ್ಕನೇ ಸಲ ಫೋನ್ ಮಾಡಿ, ಶಾಖೆಯ ಬದಲು ಮಷೀನು ನೋಡಿಕೊಳ್ಳುವ ವಿಭಾಗವನ್ನೇ ಕೇಳಿದಾಗ ಉತ್ತರ ಸಿಕ್ಕಿತು. ಬ್ಯಾಚ್ ಅನ್ನು ತಡೆದು ಇಡಲಾಗಿತ್ತು. ಸಾಧಾರಣವಾಗಿ ಒಂದೆರಡು ಸಾವಿರದ ಕಾರ್ಡ್ ವ್ಯಾಪಾರ ಆಗುವ ಅಂಗಡಿಯಲ್ಲಿ ಒಮ್ಮೆಲೇ 18,500ರ ವ್ಯವಹಾರ ಕಂಡದ್ದರಿಂದ ಅವರ ಕಂಪ್ಯೂಟರು ಅದನ್ನು ಪರಿಶೀಲನೆಗೆ ಎತ್ತಿಟ್ಟಿತು. ಬಿಲ್ಲು ಮತ್ತು ಸ್ಲಿಪ್ಪಿನ ಪ್ರತಿ ಕೇಳಿ ಮಂಗಳವಾರ ಬೆಳಿಗ್ಗೆ ಇಮೇಲ್ ಕಳಿಸಿದ್ದಾರೆ. ಆ ಇಮೇಲ್ ಹೋದದ್ದು ಮೂರು ವರ್ಷದ ಹಿಂದೆ ಮಷೀನು ಕೂಡಿಸಿಕೊಟ್ಟ ಏಜೆಂಟನ ವಿಳಾಸಕ್ಕೆ! ಅರ್ಜಿ ತುಂಬುವಾಗ ಕಾಕಾರಿಗೆ ಇಮೇಲ್ ಇಲ್ಲ ಅಂತ ಅವನು ತನ್ನದೇ ಬರೆದಿದ್ದ. ಅವನು ಆ ಕೆಲಸ ಬಿಟ್ಟು ಹೋಗಿ ಎಷ್ಟೋ ದಿನವಾಗಿದೆ. ಬುಧವಾರ ಸಂಜೆ ಯಾರೋ ಕೈಯಾರೆ ನೋಡಿ ತಡೆ ತೆಗೆದರು, ಗುರುವಾರ ಹಣ ಬಿತ್ತು.

ತಡೆದದ್ದೇ ತಪ್ಪು ಅಂತ ನಾವು ಹೇಳುವುದಿಲ್ಲ. ಕದ್ದ ಕಾರ್ಡನ್ನು ಪರಿಚಯದ ಅಂಗಡಿಯಲ್ಲಿ ಉಜ್ಜಿ, ಸಾಮಾನೇ ಇಲ್ಲದೆ ನಗದು ಮಾಡಿಕೊಳ್ಳುವವರು ಇದ್ದಾರೆ. ಕಾರ್ಡಿನ ಮಾಲೀಕ ಆಮೇಲೆ ತಕರಾರು ಎತ್ತಿದರೆ, ಅಂಗಡಿಯವನು ಅಷ್ಟರಲ್ಲಿ ಹಣ ತೆಗೆದು ಪರಾರಿಯಾಗಿದ್ದರೆ, ನಷ್ಟ ಅಂಗಡಿಯ ಬ್ಯಾಂಕಿಗೇ. ಹಾಗಾಗಿ ವಿಚಿತ್ರವಾಗಿ ಕಂಡದ್ದನ್ನು ಒಂದು ದಿನ ನಿಲ್ಲಿಸಿ ನೋಡುವ ಅಧಿಕಾರ ಅವರಿಗೆ ಬೇಕು. ಕರಾರಿನಲ್ಲೂ ಅದು ಇದೆ. ನಮ್ಮ ತಕರಾರು ಇರುವುದು ತಡೆದದ್ದನ್ನು ಹೇಳದೇ ಇದ್ದದ್ದಕ್ಕೆ. ಪ್ರತಿ ತಿಂಗಳು ಬಾಡಿಗೆ ಕಡಿತವಾದ ಮೆಸೇಜು ಕಾಕಾರ ಮೊಬೈಲಿಗೆ ತಪ್ಪದೇ ಬರುತ್ತದೆ. ಹಣ ತಡೆದ ಮೆಸೇಜಿಗೆ ಮಾತ್ರ ಆ ನಂಬರು ಸಿಗಲಿಲ್ಲ. ಟೋಲ್‌ಫ್ರೀಯಲ್ಲಿ ಕೂತವರ ಸ್ಕ್ರೀನಿನಲ್ಲೂ ಆ ತಡೆ ಕಾಣುತ್ತಿರಲಿಲ್ಲವೋ, ಕಂಡರೂ ಹೇಳಬಾರದೆಂದಿತ್ತೋ, ಮೂರು ಸಲವೂ "ರಜಾ" ಅಂದರು. ಮಂಗಳವಾರ, ಬುಧವಾರ ಯಾವ ರಜೆಯೂ ಇರಲಿಲ್ಲ.

ಎರಡು ದಿನಕ್ಕೆ ಇಷ್ಟು ರಗಳೆ ಯಾಕೆ ಅಂತ ಕೇಳುವವರಿಗೆ ಕಾಕಾರ ಇನ್ನೊಂದು ಕಾಗದ ತೋರಿಸಬೇಕು. ಹುಬ್ಬಳ್ಳಿಯ ಹೋಲ್‌ಸೇಲ್ ವ್ಯಾಪಾರಿಯಿಂದ ದೀಪಾವಳಿಗೆಂದು ತರಿಸಿದ ಮಾಲಿನ ಬಿಲ್ಲು 60,000. ಅಕ್ಟೋಬರ್ 15ರ ಬುಧವಾರದೊಳಗೆ ಪೂರ್ತಿ ಕೊಟ್ಟರೆ ಶೇಕಡಾ 2 ರಿಯಾಯಿತಿ, ಅಂದರೆ 58,800ಕ್ಕೆ ಚುಕ್ತಾ. ಕಾಕಾರ ಓಡಿ ಖಾತೆಯಲ್ಲಿ ಆಗ ಉಳಿದ ಮಿತಿ 26,000. ಕಾರ್ಡಿನ 34,367 ಮಂಗಳವಾರ ಬಂದಿದ್ದರೆ 60,000 ದಾಟುತ್ತಿತ್ತು, ಬುಧವಾರ ಹಣ ಕಳಿಸಬಹುದಿತ್ತು. ಗುರುವಾರ ಬಂದದ್ದರಿಂದ 1,200 ರೂಪಾಯಿ ಹೋಯಿತು. ಅಷ್ಟು ಮಾಲಿನ ಮೇಲೆ ಅವರಿಗೆ ಉಳಿಯುವ ಲಾಭದಲ್ಲಿ ಅದು ಸಣ್ಣ ಪಾಲಲ್ಲ.

ಇದನ್ನೇ ಬ್ಯಾಂಕಿನ ಕ್ಯಾಲ್ಕುಲೇಟರಿನಲ್ಲಿ ನೋಡಿ. 34,367 ರೂಪಾಯಿಗೆ ಓಡಿ ಬಡ್ಡಿ ವರ್ಷಕ್ಕೆ ಶೇಕಡಾ 11ರಂತೆ ಎರಡು ದಿನಕ್ಕೆ ಸುಮಾರು 21 ರೂಪಾಯಿ. ಶಾಖೆಯಲ್ಲಿ ಒಬ್ಬರು ಇದನ್ನೇ ಹೇಳಿ ನಕ್ಕಿದ್ದರಂತೆ, "ಇಪ್ಪತ್ ರೂಪಾಯಿಗೆ ಇಷ್ಟ್ ದೂರ ಬಂದೀರಿ?" ಅಂತ. ತಡವಾದ ಹಣದ ಬೆಲೆ ಬಡ್ಡಿ ಒಂದೇ ಅಂದುಕೊಂಡರೆ ನಗು ಸರಿಯೇ. ಕಾಕಾ ಆ ಹಣವನ್ನು ಯಾವ ತಾರೀಖಿಗೆ ಯಾರಿಗೆ ಕೊಡಬೇಕಿತ್ತು ಅಂತ ನೋಡಿದರೆ ಅದು 1,200.

ಈಗ ನಮಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ ಸಂಗತಿ. 2019ರ ಸೆಪ್ಟೆಂಬರ್ 20ರಂದು ರಿಸರ್ವ್ ಬ್ಯಾಂಕು ಒಂದು ಸುತ್ತೋಲೆ ಹೊರಡಿಸಿತು. ಕಾರ್ಡ್ ಉಜ್ಜಿದಾಗ ಗಿರಾಕಿಯ ಖಾತೆಯಿಂದ ಹಣ ಕಡಿತವಾಗಿ, ಅಂಗಡಿಯಲ್ಲಿ ಸ್ಲಿಪ್ಪು ಬರದಿದ್ದರೆ, ಐದು ದಿನದೊಳಗೆ ಅದನ್ನು ತಾನಾಗಿ ವಾಪಸ್ ಹಾಕಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಗಿರಾಕಿ ದೂರು ಕೊಡುವವರೆಗೆ ಕಾಯುವಂತಿಲ್ಲ, ಬ್ಯಾಂಕೇ ಹಾಕಬೇಕು. ಅಷ್ಟೇ ಅಲ್ಲ, ಅಲ್ಲಿ T ಅಂದರೆ ವ್ಯವಹಾರ ನಡೆದ ದಿನ, ಕ್ಯಾಲೆಂಡರಿನ ತಾರೀಖು ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ರಜೆ ಗಿಜೆ ಲೆಕ್ಕಕ್ಕಿಲ್ಲ. ಬಹಳ ಒಳ್ಳೆಯ ನಿಯಮ, ನಮ್ಮಲ್ಲಿ ಕೆಲವರಿಗೆ ಇದರಿಂದ ಹಣ ವಾಪಸ್ ಬಂದದ್ದೂ ಇದೆ.

ಆದರೆ ಅದೇ ಸುತ್ತೋಲೆಯಲ್ಲಿ ಸ್ಲಿಪ್ಪು ಬಂದು, ಸಾಮಾನು ಹೋಗಿ, ಅಂಗಡಿಯವರ ಖಾತೆಗೆ ಹಣ ತಡವಾದರೆ ಏನು ಅನ್ನುವ ಸಾಲು ಇಲ್ಲ. ಅದು ವಿಫಲವಾದ ವ್ಯವಹಾರಗಳ ಸುತ್ತೋಲೆ, ಇದು ವಿಫಲವಾದದ್ದಲ್ಲವಲ್ಲ. ಹಾಗಾಗಿ ಒಂದೇ ಮಷೀನಿನ ಈಚೆಗೆ ನಿಂತ ಗಿರಾಕಿಗೆ T ಅಂದರೆ ಕ್ಯಾಲೆಂಡರು, ದಿನಕ್ಕೆ ನೂರು ರೂಪಾಯಿ. ಆಚೆಗೆ ನಿಂತ ಅಂಗಡಿಯವನಿಗೆ T ಅಂದರೆ ಕರಾರಿನ ಎಂಟನೇ ಪುಟ, ಅದೂ ಇಂಗ್ಲಿಷಿನಲ್ಲಿ, ಪರಿಹಾರ ಏನೂ ಇಲ್ಲ. ಅವನೂ ಬ್ಯಾಂಕಿನ ಗಿರಾಕಿಯೇ ತಾನೇ? ಬಾಡಿಗೆ ಕೊಡುತ್ತಾನೆ, ಶುಲ್ಕ ಕೊಡುತ್ತಾನೆ. ಕಾಕಾರ ಪ್ರಕರಣದಲ್ಲಿ ಅದೇ ನೂರು ರೂಪಾಯಿ ಅನ್ವಯವಾಗಿದ್ದರೆ ಬ್ಯಾಂಕು ಕೊಡಬೇಕಾದ್ದು 200. ಅವರ ನಷ್ಟ ತುಂಬುತ್ತಿರಲಿಲ್ಲ. ಆದರೆ ಬುಧವಾರ ಸಂಜೆಯವರೆಗೆ ಯಾರೂ ನೋಡದ ಫೈಲನ್ನು ಮಂಗಳವಾರವೇ ನೋಡುವವರು ಹುಟ್ಟುತ್ತಿದ್ದರು ಅನ್ನಿಸುತ್ತದೆ. ಅಂಗಡಿಯವರಿಗೂ ಈ ನಿಯಮ ಬರಬೇಕು ಅನ್ನುವುದು ನಮ್ಮ ಬೇಡಿಕೆ. ಜೊತೆಗೆ ಸೆಟ್ಲ್‌ಮೆಂಟ್ ಸ್ಲಿಪ್ಪಿನಲ್ಲೇ "ಜಮಾ ಆಗುವ ತಾರೀಖು 14/10/25" ಅಂತ ಒಂದು ಸಾಲು ಅಚ್ಚಾಗಬೇಕು. ಬ್ಯಾಚ್ ಮುಚ್ಚಿದ ಹೊತ್ತು ಬ್ಯಾಂಕಿನ ಸರ್ವರಿಗೆ ಗೊತ್ತು, ರಜೆ ಪಟ್ಟಿ ಗೊತ್ತು. ಇದು ಎರಡನೇ ಸೆಮಿಸ್ಟರಿನ ಲ್ಯಾಬಿನಲ್ಲಿ ಬರೆಯುವಂಥ ಪ್ರೋಗ್ರಾಂ. ಬರೆಯದೇ ಇರುವುದು ಕಷ್ಟ ಅಂತ ಅಲ್ಲ. ತಾರೀಖು ಅಚ್ಚಾದರೆ ಆ ತಾರೀಖಿಗೆ ಬದ್ಧರಾಗಬೇಕಾಗುತ್ತದೆ.

ನಿಯಮ ಬರುವವರೆಗೆ ಇರುವ ದಾರಿಯಲ್ಲೇ ನಡೆಯಬೇಕು. ಮೊದಲ ಮಾತು, ಶಾಖೆಗೆ ಅಲೆಯುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಮಷೀನು ಶಾಖೆಯ ಕೈಯಲ್ಲಿಲ್ಲ. ದೂರು ಲಿಖಿತವಾಗಿರಬೇಕು, ಬ್ಯಾಂಕಿನ ದೂರು ವಿಭಾಗಕ್ಕೆ ಹೋಗಬೇಕು, ದೂರಿನ ನಂಬರು ಕೈಗೆ ಬರಬೇಕು. ಕಾಕಾರ ಪರವಾಗಿ ನಾವು ಬರೆದ ದೂರಿನ ಮುಖ್ಯ ಭಾಗ ಇದು:

"ನನ್ನ ಮಷೀನಿನ ಬ್ಯಾಚ್ 000212, ಮೊತ್ತ 34,700 ರೂಪಾಯಿ, 13-10-2025ರ ಬೆಳಿಗ್ಗೆ 9.40ಕ್ಕೆ ಯಶಸ್ವಿಯಾಗಿ ಮುಚ್ಚಿದೆ. ಸ್ಲಿಪ್ಪಿನ ಪ್ರತಿ ಲಗತ್ತಿಸಿದೆ. ನಮ್ಮ ಕರಾರಿನ ಪ್ರಕಾರ ಇದು 14-10-2025ಕ್ಕೆ ಜಮಾ ಆಗಬೇಕಿತ್ತು. ಶುಲ್ಕ ಕಳೆದು 34,367.59 ರೂಪಾಯಿ 16-10-2025ಕ್ಕೆ ಜಮಾ ಆಗಿದೆ. ಖಾತೆಯ ವಿವರ ಲಗತ್ತಿಸಿದೆ. ಹಣ ತಡೆದ ಬಗ್ಗೆ ನನಗೆ ಯಾವ ತಿಳಿವಳಿಕೆಯೂ ಬಂದಿಲ್ಲ. ತಿಳಿವಳಿಕೆ ಕಳಿಸಿದ ಇಮೇಲ್ ವಿಳಾಸ ನನ್ನದಲ್ಲ. ಈ ಎರಡು ದಿನದ ವಿಳಂಬದಿಂದ ನನಗೆ 1,200 ರೂಪಾಯಿ ರಿಯಾಯಿತಿ ತಪ್ಪಿದೆ, ವ್ಯಾಪಾರಿಯ ಬಿಲ್ಲು ಲಗತ್ತಿಸಿದೆ. ಆ ಮೊತ್ತ ತುಂಬಿಕೊಡಬೇಕು ಮತ್ತು ನನ್ನ ಮೊಬೈಲ್ ನಂಬರಿಗೆ ತಿಳಿವಳಿಕೆ ಬರುವಂತೆ ಮಾಡಬೇಕು."

ಇದರ ಮೇಲೆ `MID`, `TID` ಅಂದರೆ ಅಂಗಡಿಯ ಮತ್ತು ಮಷೀನಿನ ಗುರುತಿನ ನಂಬರುಗಳು. ಎರಡೂ ಪ್ರತಿ ಸ್ಲಿಪ್ಪಿನ ತಲೆಯಲ್ಲೇ ಇರುತ್ತವೆ. ಸಿಟ್ಟಿನ ಮಾತು ಒಂದೂ ಇಲ್ಲ. ಕಾಕಾ "ಸ್ವಲ್ಪ ಖಾರ ಹಚ್ರಪಾ" ಅಂದಿದ್ದರು. ಹಚ್ಚಲಿಲ್ಲ.

ಬ್ಯಾಂಕಿನಿಂದ ಹದಿನೆಂಟನೇ ದಿನಕ್ಕೆ ಉತ್ತರ ಬಂತು. ಇಮೇಲ್ ವಿಳಾಸ ಸರಿಪಡಿಸಿದ್ದಾರೆ, ಮೊಬೈಲ್ ನಂಬರು ಸೇರಿಸಿದ್ದಾರೆ. 1,200ರ ಬಗ್ಗೆ, ಪರಿಶೀಲನೆಗಾಗಿ ಹಣ ತಡೆಯುವುದು ಬ್ಯಾಂಕಿನ ವಿವೇಚನೆಗೆ ಬಿಟ್ಟದ್ದು, ವಿಷಾದಿಸುತ್ತೇವೆ ಅಂತ ಬರೆದಿದ್ದಾರೆ.

ಮುಂದಿನ ಮೆಟ್ಟಿಲು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್. 2021ರ ನವೆಂಬರ್ 12ರಿಂದ ಇಡೀ ದೇಶಕ್ಕೆ ಒಂದೇ ಯೋಜನೆ ಇದೆ. ಬ್ಯಾಂಕು 30 ದಿನದಲ್ಲಿ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ ಅಲ್ಲಿಗೆ ಹೋಗಬಹುದು. 2021ರ ಯೋಜನೆಯಲ್ಲಿ ಉತ್ತರ ಬಂದ ಮೇಲೆ ಒಂದು ವರ್ಷದವರೆಗೆ ಅವಕಾಶವಿತ್ತು. ಶುಲ್ಕವಿಲ್ಲ, ವಕೀಲರು ಬೇಡ. `cms.rbi.org.in` ತಾಣದಲ್ಲಿ ಹಾಕಬೇಕು. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೂ ಕೇಳಬಹುದು. ಆದರೆ ಒಂದು ಎಚ್ಚರ. ಬ್ಯಾಂಕಿನ ವ್ಯಾವಹಾರಿಕ ತೀರ್ಮಾನಗಳನ್ನು ಒಂಬುಡ್ಸ್‌ಮನ್ ಪ್ರಶ್ನಿಸುವುದಿಲ್ಲ ಅಂತ ಆ ಯೋಜನೆಯಲ್ಲೇ ಇದೆ. ಬ್ಯಾಂಕಿನ ಉತ್ತರದಲ್ಲಿ "ವಿವೇಚನೆ" ಅನ್ನುವ ಪದ ಸುಮ್ಮನೆ ಬಂದದ್ದಲ್ಲ. ಹಾಗಾಗಿ "ನನ್ನ ಹಣ ಯಾಕೆ ತಡೆದಿರಿ" ಅಂತ ಹೋದರೆ ದೂರು ಬಾಗಿಲಲ್ಲೇ ಬಿದ್ದುಹೋಗಬಹುದು. "ತಡೆದದ್ದನ್ನು ನನಗೆ ತಿಳಿಸಲಿಲ್ಲ, ಕೇಳಿದಾಗ ಮೂರು ಸಲ ತಪ್ಪು ಕಾರಣ ಕೊಟ್ಟಿರಿ" ಅಂತ ಹೋದರೆ ಅದು ಸೇವೆಯ ಕೊರತೆ. ಆ ಯೋಜನೆ ಇರುವುದೇ ಅದಕ್ಕೆ.

ಕಾಕಾ ಬಹಳ ದಿನ ಹಿಂದೆಮುಂದೆ ನೋಡಿದರು. ಕಾರಣ ಸಂಕೋಚವಲ್ಲ. ಓಡಿ ಖಾತೆ ಇದೇ ಬ್ಯಾಂಕಿನಲ್ಲಿ, ಮಿತಿ ಹೆಚ್ಚಿಸಲು ಅರ್ಜಿ ಕೊಟ್ಟಿದ್ದಾರೆ, ಅದು ಇದೇ ಶಾಖೆಯ ಮೇಜಿನ ಮೇಲಿದೆ. "ನೀವು ಹುಡುಗೋರು ನಾಳೆ ಬೆಂಗಳೂರಿಗೆ ಹೊಕ್ಕೀರಿ, ನಾ ಇಲ್ಲೇ ಅವರ ಮುಖಾ ನೋಡಬೇಕಲ್ಲ" ಅಂದರು. ಈ ಮಾತಿಗೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ದೂರು ಕೊಟ್ಟರೆ ಸಾಲ ನಿಲ್ಲುತ್ತದೆ ಅಂತ ಯಾರೂ ಹೇಳಿಲ್ಲ, ನಿಲ್ಲುವುದಿಲ್ಲ ಅಂತಲೂ ಯಾರೂ ಹೇಳಿಲ್ಲ. ದುಮ್ಮವಾಡದಂಥ ಊರುಗಳಲ್ಲಿ ಇಂಥ ಎಷ್ಟು ದೂರುಗಳು ಇದೇ ಒಂದು ಮಾತಿನಿಂದ ಬರೆಯದೇ ಉಳಿದಿವೆಯೋ. ದೂರು ಇಲ್ಲದೆಯೇ ತಾನಾಗಿ ಬೀಳುವ ನೂರು ರೂಪಾಯಿ ಬೇಕು ಅಂತ ನಾವು ಹಠ ಹಿಡಿಯುವುದು ಇದಕ್ಕೇ. ಆಗ ಯಾರ ಮುಖವನ್ನೂ ನೋಡಬೇಕಾಗುವುದಿಲ್ಲ.

ಕಳೆದ ವಾರ ಕಾಕಾ ತಾವೇ ಫೋನ್ ಮಾಡಿ ಹಾಕೋಣ ಅಂದರು. ಸ್ಲಿಪ್ಪುಗಳ ಫೋಟೋ, ಖಾತೆಯ ವಿವರ, ಕರಾರಿನ ಎಂಟನೇ ಪುಟ, ಹುಬ್ಬಳ್ಳಿಯ ಬಿಲ್ಲು, ಬ್ಯಾಂಕಿನ ಉತ್ತರ ಎಲ್ಲ ಸೇರಿಸಿ ಒಂಬುಡ್ಸ್‌ಮನ್ ತಾಣದಲ್ಲಿ ಏರಿಸಿದ್ದೇವೆ. ದೂರಿನ ನಂಬರು ಬಂದಿದೆ, ಕಾಕಾ ಅದನ್ನು ಮಷೀನಿನ ಹಿಂದೆ ಚೀಟಿ ಅಂಟಿಸಿ ಬರೆದಿಟ್ಟಿದ್ದಾರೆ. ಮಷೀನು ಈಗ ರಾತ್ರಿ ಮನೆಗೆ ಹೋಗುತ್ತದೆ, ಅಡುಗೆಮನೆಯ ಪ್ಲಗ್ಗಿನಲ್ಲಿ ಚಾರ್ಜಿಗೆ.